ಮೈ ಸುಡುವ ಮೊದಲು ನಡುಗುವುದೇಕೆ?

ಮಲೇರಿಯಾ ರೋಗಿಯನ್ನು ಹತ್ತಿರದಿಂದ ನೋಡಿದವರಿಗೆ ಈ ವಿಚಿತ್ರ ಗೊತ್ತಿರುತ್ತದೆ. ಹೊರಗೆ ಬೆವರಿಳಿಸುವ ಸೆಕೆ. ಒಳಗೆ ರೋಗಿ ಎರಡು ಕಂಬಳಿ ಹೊದ್ದು ಗಡಗಡ ನಡುಗುತ್ತಿರುತ್ತಾನೆ. ಕೈಕಾಲು ಮುಟ್ಟಿದರೆ ತಣ್ಣಗೆ, ಥರ್ಮಾಮೀಟರಿನಲ್ಲಿ ಮಾತ್ರ ಜ್ವರ ಏರುತ್ತಲೇ ಇರುತ್ತದೆ.

ನಮ್ಮ ಮಿದುಳಿನ ತಳದಲ್ಲಿ ಹೈಪೋಥಲಾಮಸ್ ಎಂಬ ಪುಟ್ಟ ಭಾಗವಿದೆ. ಮೈ ಎಷ್ಟು ಬಿಸಿ ಇರಬೇಕೆಂದು ನಿಗದಿಪಡಿಸುವುದು ಅದೇ, ಗೀಸರಿನ ಥರ್ಮೋಸ್ಟಾಟ್ ಇದ್ದ ಹಾಗೆ. ಸಾಮಾನ್ಯವಾಗಿ ಆ ಗುರಿ 98.6 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿರುತ್ತದೆ.

ಮಲೇರಿಯಾದ ಪರಾವಲಂಬಿಗಳು ಕೆಂಪು ರಕ್ತಕಣಗಳೊಳಗೆ ಬೆಳೆದು, ಒಟ್ಟಿಗೇ ಅವನ್ನು ಒಡೆದುಕೊಂಡು ಹೊರಬರುತ್ತವೆ. ವೈವಾಕ್ಸ್ ಬಗೆಯ ಮಲೇರಿಯಾದಲ್ಲಿ ಇದು ಸುಮಾರು 48 ಗಂಟೆಗೊಮ್ಮೆ ನಡೆಯುವುದರಿಂದಲೇ ಜ್ವರ ದಿನ ಬಿಟ್ಟು ದಿನ ಬರುವುದು. ಕಣಗಳು ಒಡೆದಾಗ ಚೆಲ್ಲಿದ ಕಸವನ್ನು ಕಂಡು ಬಿಳಿ ರಕ್ತಕಣಗಳು ಕೆಲವು ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತವೆ. ಅವುಗಳ ಪ್ರಭಾವದಿಂದ ಮಿದುಳಿನಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ಹುಟ್ಟಿ, ಹೈಪೋಥಲಾಮಸ್ಸಿನ ಗುರಿಯನ್ನು ಮೇಲಕ್ಕೆ, 104 ಡಿಗ್ರಿಗೆ ಎನ್ನೋಣ, ಏರಿಸುತ್ತದೆ.

ಗುರಿ ಬೇಗ ಏರಿತು, ಮೈ ಇನ್ನೂ 99ರಲ್ಲೇ ಇದೆ. ಮಿದುಳಿನ ಲೆಕ್ಕದಲ್ಲಿ ಈಗ ಐದು ಡಿಗ್ರಿ ಕೊರತೆ. ಈ ಕೊರತೆಯೇ ನಮಗೆ ಚಳಿಯಾಗಿ ತೋರುತ್ತದೆ. ಬಿಸಿ ಹೊರಗೆ ಸೋರದಿರಲೆಂದು ಚರ್ಮದ ರಕ್ತನಾಳಗಳು ಸಂಕುಚಿತಗೊಳ್ಳುತ್ತವೆ, ಕೈಕಾಲು ತಣ್ಣಗಾಗುವುದು ಅದಕ್ಕೇ. ಹೊಸ ಬಿಸಿ ಹುಟ್ಟಿಸಲು ಸ್ನಾಯುಗಳು ನಡುಗುತ್ತವೆ. ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಹೀಗೆ ನಡುಗಿ ಮೈ 104 ಮುಟ್ಟಿದಾಗ ಕೊರತೆ ತೀರಿತು, ನಡುಕ ನಿಂತಿತು. ಆಗ ಕಂಬಳಿ ಕಿತ್ತೆಸೆಯುವಷ್ಟು ಉರಿ. ಕೆಲವು ಗಂಟೆಗಳ ನಂತರ ಗುರಿ ಮತ್ತೆ ಕೆಳಗಿಳಿಯುತ್ತದೆ. ಈಗ ಮೈಯ ಬಿಸಿಯೇ ಹೆಚ್ಚುವರಿ, ಹಾಗಾಗಿ ಬಟ್ಟೆ ತೊಯ್ಯುವಷ್ಟು ಬೆವರು. ಗುರಿ ನಿಧಾನವಾಗಿ ಏರುವ ಜ್ವರಗಳಲ್ಲಿ ಇಂಥ ನಡುಕ ಬಾರದೆಯೂ ಇರಬಹುದು.

ನಡುಗುತ್ತಿರುವವರ ಮೈಗೆ ತಣ್ಣೀರು ಬಟ್ಟೆ ಹಾಕುವುದು ನಮ್ಮ ಮನೆಗಳಲ್ಲಿ ರೂಢಿ. ನನ್ನ ಪ್ರಕಾರ ಅದು ಹಿಂಸೆ. ಗುರಿ ಮೇಲಿರುವಾಗ ಚರ್ಮವನ್ನು ತಣಿಸಿದರೆ ಮೈ ಇನ್ನಷ್ಟು ನಡುಗುತ್ತದೆ. ಪ್ಯಾರಾಸಿಟಮಾಲ್ ಪ್ರೊಸ್ಟಗ್ಲಾಂಡಿನ್ ಹುಟ್ಟುವುದನ್ನೇ ತಗ್ಗಿಸಿ ಗುರಿಯನ್ನು ಇಳಿಸುತ್ತದೆ. ಮಾತ್ರೆ ನುಂಗಿದ ಮೇಲೆ ಬೆವರುವುದು ಇದರಿಂದಲೇ.

ಬಿಸಿಲಿನ ಹೊಡೆತದ ಕಥೆ ಬೇರೆ. ಅಲ್ಲಿ ಗುರಿ ಏರಿರುವುದಿಲ್ಲ, ಹೊರಗಿನ ತಾಪಕ್ಕೆ ಮೈ ಸೋತಿರುತ್ತದೆ ಅಷ್ಟೆ. ಹಾಗಾಗಿ ಮಾತ್ರೆಯಿಂದ ಪ್ರಯೋಜನವಿಲ್ಲ. ತಡಮಾಡದೆ ತಣ್ಣೀರು ಸುರಿದು ಗಾಳಿ ಬೀಸಬೇಕು, ಆಸ್ಪತ್ರೆಗೆ ಒಯ್ಯಬೇಕು.

ಇನ್ನೊಂದು ಮಾತು. ಪ್ಯಾರಾಸಿಟಮಾಲ್ ಮಲೇರಿಯಾದ ಪರಾವಲಂಬಿಯನ್ನು ಕೊಲ್ಲುವುದಿಲ್ಲ. ನಡುಗಿಸುವ ಚಳಿಯೊಂದಿಗೆ ಜ್ವರ ಬಂದರೆ, ಮಾತ್ರೆಗೆ ಇಳಿಯಿತೆಂದು ಸುಮ್ಮನಿರದೆ ಅಂದೇ ರಕ್ತಪರೀಕ್ಷೆ ಮಾಡಿಸಿ.