ತಡವಾದ ಬೀಟಾ: ಕೊಪ್ಪದಿಂದ ಪಬ್ಲಿಷರ್‌ಗೆ ಒಂದು ಪತ್ರ

ಒಪ್ಪಿಕೊಂಡ ದಿನಕ್ಕೆ ಕೆಲಸ ಮುಗಿಯದಿದ್ದಾಗ ಪಬ್ಲಿಷರ್‌ಗೆ ಬರೆಯುವ ಪತ್ರದಲ್ಲಿ ಕ್ಷಮೆ ಕೇಳಲು ಒಂದು ಸಾಲು ಸಾಕು. ಅವರಿಗೆ ಬೇಕಾಗಿರುವುದು ನಂಬಬಹುದಾದ ಹೊಸ ದಿನಾಂಕ. ಪ್ರಚಾರದ ವೇಳಾಪಟ್ಟಿ, ಸ್ಟೋರ್‌ನಲ್ಲಿ ಬಿಡುಗಡೆ, ನಮಗೆ ಬರಬೇಕಾದ ಕಂತು, ಎಲ್ಲವೂ ಅದರ ಮೇಲೆ ನಿಂತಿವೆ. ಆದರೆ ಆಟ ಕ್ರ್ಯಾಶ್ ಆಗುತ್ತಿದೆ, ಏಕೆಂದು ಗೊತ್ತಿಲ್ಲ ಎನ್ನುವ ಹಂತದಲ್ಲಿ ಪ್ರಾಮಾಣಿಕವಾಗಿ ಹೇಳಬಹುದಾದ ದಿನಾಂಕವೇ ಇರುವುದಿಲ್ಲ. ನಮ್ಮ ಪುಟ್ಟ ಸ್ಟುಡಿಯೊ ಈ ಇಕ್ಕಟ್ಟಿಗೆ ಸಿಕ್ಕಿದ್ದು ಆಡು-ಹುಲಿ ಆಟದ ಮೊಬೈಲ್ ಆವೃತ್ತಿ ಮಾಡುವಾಗ.

ಆಟ ಹಳೆಯದೇ: 3 ಹುಲಿ, 15 ಆಡು, ಗೆರೆಗಳ ಮೇಲೆ ನಡೆ. ನಾವು ಸೇರಿಸಿದ್ದು ‘ದಿನದ ಸಮಸ್ಯೆ’. ಪ್ರತಿ ಬೆಳಿಗ್ಗೆ ಸರ್ವರ್‌ನಿಂದ ಹೊಸದೊಂದು ಪಟ ಇಳಿಯುತ್ತದೆ, ಹುಲಿಗಳನ್ನು ಕಟ್ಟಿಹಾಕುವ ದಾರಿಯನ್ನು ಆಟಗಾರ ಹುಡುಕಬೇಕು. ಕೊಪ್ಪದ ಕಚೇರಿಯ ಫೈಬರ್ ಸಂಪರ್ಕದಲ್ಲಿ ಬೆರಳೊತ್ತುವಷ್ಟರಲ್ಲಿ ಪಟ ಬಂದುಬಿಡುತ್ತಿತ್ತು. ದಿನವಿಡೀ ಆಡಿದರೂ ಒಂದು ತೊಡಕಿಲ್ಲ. ದೂರು ಬರುತ್ತಿದ್ದುದು ಹೊರಗಿನಿಂದ. ಶೃಂಗೇರಿ ದಾಟಿ ಘಟ್ಟದ ಕಡೆಯ ಮನೆಗಳಿಂದ, ನರಸಿಂಹರಾಜಪುರದಾಚೆ ಭದ್ರಾ ಹಿನ್ನೀರಿನ ಅಂಚಿನ ಊರುಗಳಿಂದ. ಆಡಿ ನೋಡಿ ಎಂದು ಪರಿಚಯದವರಿಗೆ ಕೊಟ್ಟಿದ್ದ ಫೋನುಗಳಲ್ಲಿ ಆಟ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿತ್ತು. “ನಾನೇನೂ ಮಾಡ್ಲಿಲ್ಲ ಮಾರಾಯ, ಹುಲಿ ಎತ್ತಿಡ್ತಿದ್ದೆ, ಹೋಗೇ ಬಿಡ್ತು” ಎಂದರು ಒಬ್ಬರು. ಅವರ ಮಾತು ಅಕ್ಷರಶಃ ನಿಜವಾಗಿತ್ತು.

ಕ್ರ್ಯಾಶ್ ಆದಾಗ ಆಂಡ್ರಾಯ್ಡ್ ಒಂದು ವರದಿ ಬಿಟ್ಟುಹೋಗುತ್ತದೆ. ಎಲ್ಲ ವರದಿಗಳ ನೆತ್ತಿಯಲ್ಲೂ ಒಂದೇ ಸಾಲು: `signal 11 (SIGSEGV)`. ತನ್ನದಲ್ಲದ ಮೆಮೊರಿಗೆ ಪ್ರೋಗ್ರಾಂ ಕೈಹಾಕಿದೆ ಎಂದು ಅದರರ್ಥ. ಅದರ ಕೆಳಗೆ, ಯಾವ ಫಂಕ್ಷನ್‌ನಲ್ಲಿ ಆಟ ಬಿತ್ತು ಎಂಬ ಪಟ್ಟಿ ಮಾತ್ರ ಪ್ರತಿ ಸಲವೂ ಬೇರೆ. ಒಮ್ಮೆ ಆಡಿನ ಚಿತ್ರ ಬಿಡಿಸುವಲ್ಲಿ, ಒಮ್ಮೆ ಧ್ವನಿ ನುಡಿಸುವಲ್ಲಿ, ಇನ್ನೊಮ್ಮೆ ಮೆಮೊರಿ ಹಂಚುವ ವ್ಯವಸ್ಥೆಯ ಒಳಗೇ. ಹೊಸಬರು ಇಲ್ಲಿ ದಾರಿ ತಪ್ಪುತ್ತಾರೆ, ಧ್ವನಿಯಲ್ಲಿ ಬಿದ್ದರೆ ಧ್ವನಿಯ ಕೋಡನ್ನೇ ಕೆದಕುತ್ತಾರೆ. ಬೀಳುವ ಜಾಗ ಹೀಗೆ ಬದಲಾಗುತ್ತಿದ್ದರೆ, ಬಿದ್ದ ಜಾಗದಲ್ಲಿ ತಪ್ಪಿಲ್ಲ ಎಂದೇ ಮೊದಲು ಅನುಮಾನಿಸಬೇಕು. ಬೇರೆಲ್ಲೋ, ಸ್ವಲ್ಪ ಮೊದಲೇ, ಯಾರೋ ಮೆಮೊರಿಯನ್ನು ಕೆಡಿಸಿರುತ್ತಾರೆ.

ಈ ಹಂತದಲ್ಲಿ ಪಬ್ಲಿಷರ್‌ಗೆ ಮೊದಲ ಪತ್ರ ಹೋಯಿತು. ಅದರ ತಿರುಳು ಇಷ್ಟು:

“ಮಾನ್ಯರೇ, ಬೀಟಾ ಈ ವಾರ ಬರುವುದಿಲ್ಲ. ಚಿತ್ರ, ಧ್ವನಿ, ಎಲ್ಲ ಹಂತಗಳು ಮುಗಿದಿವೆ. ಅವುಗಳ ಬಿಲ್ಡ್ ಲಗತ್ತಿಸಿದ್ದೇವೆ. ಉಳಿದಿರುವುದು ಒಂದು ಕ್ರ್ಯಾಶ್. ಅದನ್ನು ನಮ್ಮ ಮೇಜಿನ ಮೇಲೆ ಬೇಕೆಂದಾಗ ಉಂಟುಮಾಡಲು ಇನ್ನೂ ಆಗಿಲ್ಲ. ಅಲ್ಲಿಯವರೆಗೆ ಸರಿಪಡಿಸುವ ದಿನಾಂಕ ಹೇಳಿದರೆ ಅದು ಊಹೆಯಾಗುತ್ತದೆ. ಬರುವ ಶುಕ್ರವಾರ ಮತ್ತೆ ಬರೆಯುತ್ತೇವೆ, ಕಾರಣ ಸಿಕ್ಕಿದ್ದರೂ ಸಿಕ್ಕದಿದ್ದರೂ.”

ಈ ಪತ್ರದಲ್ಲಿ ಕೊಟ್ಟ ಏಕೈಕ ದಿನಾಂಕ ಮುಂದಿನ ಪತ್ರದ್ದು. ಅದೊಂದನ್ನು ಖಂಡಿತ ಉಳಿಸಿಕೊಳ್ಳಬಹುದು. ದೊಡ್ಡ ಸ್ಟುಡಿಯೊಗಳೂ ಈ ಕತ್ತಲಲ್ಲಿ ನಿಂತಿವೆ. 1996ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ‘ಕ್ರ್ಯಾಶ್ ಬ್ಯಾಂಡಿಕೂಟ್’ ಆಟದಲ್ಲಿ ಮೆಮೊರಿ ಕಾರ್ಡಿಗೆ ಉಳಿಸಿದ ಮಾಹಿತಿ ಆಗೊಮ್ಮೆ ಈಗೊಮ್ಮೆ ಕೆಡುತ್ತಿತ್ತು. ಪ್ರೋಗ್ರಾಮರ್ ಡೇವ್ ಬ್ಯಾಗೆಟ್ ಕೋಡನ್ನು ತುಂಡು ತುಂಡಾಗಿ ತೆಗೆಯುತ್ತಾ ಹೋಗಿ ಕೊನೆಗೆ ತಲುಪಿದ್ದು ಒಂದು ಟೈಮರ್‌ಗೆ. ಸೆಕೆಂಡಿಗೆ 100 ಸಲದ ಬದಲು 1000 ಸಲ ಮಿಡಿಯುವಂತೆ ಅದನ್ನು ಹೊಂದಿಸಲಾಗಿತ್ತು, ಆ ವೇಗಕ್ಕೆ ಯಂತ್ರದ ಒಳಗಿನ ವಿದ್ಯುತ್ ಸಂಕೇತಗಳೇ ಒಂದಕ್ಕೊಂದು ಅಡ್ಡಬರುತ್ತಿದ್ದವು. ಅಂಥದ್ದಕ್ಕೆ ಮೊದಲೇ ದಿನ ನಿಗದಿ ಮಾಡಲು ಯಾರಿಂದ ಸಾಧ್ಯ?

ನಮ್ಮದರ ಸುಳಿವು ಸಿಕ್ಕಿದ್ದು ದೂರುಗಳನ್ನು ಊರಿನ ಪ್ರಕಾರ ಜೋಡಿಸಿದಾಗ. ಸಿಗ್ನಲ್ ಚೆನ್ನಾಗಿರುವ ಪೇಟೆಗಳಿಂದ ಒಂದೂ ಇಲ್ಲ. ಹಾಗಾದರೆ ನೆಟ್ಟನ್ನೇ ನಿಧಾನ ಮಾಡಿ ನೋಡಬೇಕು. ದಿನದ ಸಮಸ್ಯೆ ಕೇಳಿದರೆ 15 ಸೆಕೆಂಡ್ ಕಾದು ಉತ್ತರಿಸು ಎಂದು ನಮ್ಮ ಸರ್ವರ್‌ಗೇ ಹೇಳಿದೆವು. ಕಾಯುವ ತಾಳ್ಮೆಯಿಲ್ಲದವರು ಮಾಡುವುದನ್ನೇ ಮಾಡಿದೆವು: ಹಿಂದಕ್ಕೆ ಒತ್ತಿ, ಮಾಮೂಲಿ ಆಟ ತೆರೆದು, ಒಂದು ಹುಲಿಯನ್ನು ನಡೆಸಿದೆವು. ಆಟ ಬಿತ್ತು.

ಆಮೇಲೆ ಅಡ್ರೆಸ್‌ಸ್ಯಾನಿಟೈಸರ್ ಎಂಬ ಸಾಧನ ಸೇರಿಸಿ ಆಟವನ್ನು ಮತ್ತೆ ಕಟ್ಟಿದೆವು. ಹೀಗೆ ಕಟ್ಟಿದ ಆಟ ಸುಮಾರು 2 ಪಟ್ಟು ನಿಧಾನ, ಮೆಮೊರಿಯನ್ನೂ ಹೆಚ್ಚು ತಿನ್ನುತ್ತದೆ. ಆದರೆ ಬಿಟ್ಟುಕೊಟ್ಟ ಮೆಮೊರಿಯನ್ನು ಅದು ಬೇರೆಯವರಿಗೆ ತಕ್ಷಣ ಹಂಚದೆ ಸ್ವಲ್ಪ ಕಾಲ ಬೇಲಿ ಹಾಕಿ ಇಟ್ಟುಕೊಳ್ಳುತ್ತದೆ. ಆ ಬೇಲಿಯೊಳಗೆ ಯಾರು ಕಾಲಿಟ್ಟರೂ ಆಟವನ್ನು ಅಲ್ಲೇ ನಿಲ್ಲಿಸಿ ಮೂರು ಸಂಗತಿ ಹೇಳುತ್ತದೆ: ಆ ಜಾಗ ಯಾರಿಗೆ ಕೊಟ್ಟದ್ದು, ಅವರು ಎಲ್ಲಿ ಬಿಟ್ಟರು, ಈಗ ಮುಟ್ಟಿದ್ದು ಯಾರು. ಪರದೆಯ ಮೇಲೆ `heap-use-after-free` ಎಂದು ಬಂತು. ಜಾಗ ‘ದಿನದ ಸಮಸ್ಯೆ’ ಪರದೆಯದು. ಬಿಟ್ಟದ್ದು ಆಟಗಾರ ಹಿಂದಕ್ಕೆ ಒತ್ತಿದಾಗ. ಮುಟ್ಟಿದ್ದು ತಡವಾಗಿ ಬಂದಿಳಿದ ಪಟ.

ಬಾಡಿಗೆದಾರ ಮನೆ ಖಾಲಿ ಮಾಡಿ ಹೋದ ಮೇಲೂ ಹಳೆಯ ಬೀಗದ ಕೈಯಿಂದ ಬಾಗಿಲು ತೆಗೆದು ಸಾಮಾನು ಇಳಿಸಿದಂತಾಗಿತ್ತು. ಅಲ್ಲೀಗ ಆಡಿನ ಚಿತ್ರವೋ ಧ್ವನಿಯೋ ವಾಸವಾಗಿರುತ್ತದೆ. ಅದರ ಮಾಹಿತಿಯ ಮೇಲೆ ಪಟದ ಮಾಹಿತಿ ಬಿದ್ದು ಎಲ್ಲ ಕೆಟ್ಟು, ಮುಂದೆ ಆಡನ್ನು ಬಿಡಿಸಲು ಹೋದಾಗ ಆಟ ಕುಸಿಯುತ್ತದೆ. ಹುಲಿ ಎತ್ತಿಟ್ಟವರು ನಿಜಕ್ಕೂ ಏನೂ ಮಾಡಿರಲಿಲ್ಲ. ಪರಿಹಾರ ಕೆಲವೇ ಸಾಲಿನದು. ಪಟ ಬಂದಾಗ ಆ ಪರದೆ ಇನ್ನೂ ಬದುಕಿದೆಯೇ ಎಂದು ಮೊದಲು ಕೇಳುವುದು:

```cpp
auto w = weak_from_this();
fetch(url, [w](Board b) {
    if (auto s = w.lock()) s->show(b);
});
```

ಪರದೆ ಇಲ್ಲವಾಗಿದ್ದರೆ ಬಂದ ಪಟವನ್ನು ಬಿಟ್ಟುಬಿಡುತ್ತದೆ, ಅಷ್ಟೇ.

ಬರೆಯಲು ಹೆಚ್ಚು ಯೋಚಿಸಬೇಕಾಗಿ ಬಂದದ್ದು ಎರಡನೆಯ ಪತ್ರ. ‘ಸರಿಯಾಯಿತು, ನಾಳೆ ಕಳಿಸುತ್ತೇವೆ’ ಎಂದು ಬರೆಯಲು ಕೈ ತುಡಿಯುತ್ತದೆ. ಆದರೆ ಆಗೊಮ್ಮೆ ಈಗೊಮ್ಮೆ ಬೀಳುವ ಆಟ ಇವತ್ತು ಬೀಳಲಿಲ್ಲ ಎಂದಮಾತ್ರಕ್ಕೆ ವಾಸಿಯಾಯಿತು ಎನ್ನಲಾಗದು. ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಒಂದು ಸುಲಭ ಅಂದಾಜಿದೆ. ಒಮ್ಮೆಯೂ ಬೀಳದೆ ಎಷ್ಟು ಸಲ ಆಡಿದ್ದೇವೋ ಆ ಸಂಖ್ಯೆಯಿಂದ 3ನ್ನು ಭಾಗಿಸಿದರೆ, ನಿಜವಾದ ಪ್ರಮಾಣ ಅದಕ್ಕಿಂತ ಕಡಿಮೆ ಎಂದು ಶೇ 95ರಷ್ಟು ಭರವಸೆಯಿಂದ ಹೇಳಬಹುದು. 300 ಸಲ ಬೀಳದಿದ್ದರೆ ಶೇ 1ಕ್ಕಿಂತ ಕಡಿಮೆ. ಗೂಗಲ್ ಪ್ಲೇ ಕೂಡ ದಿನದ ಬಳಕೆದಾರರಲ್ಲಿ ಶೇ 1.09ಕ್ಕಿಂತ ಹೆಚ್ಚು ಮಂದಿಗೆ ಕಣ್ಣೆದುರೇ ಕ್ರ್ಯಾಶ್ ಆಗುವ ಆ್ಯಪನ್ನು ಸ್ಟೋರ್‌ನಲ್ಲಿ ಹಿಂದಕ್ಕೆ ತಳ್ಳಬಹುದು. ಅದು ಬಳಕೆದಾರರ ಲೆಕ್ಕ, ನಮ್ಮದು ಆಟದ ಲೆಕ್ಕ, ಎರಡೂ ಒಂದೇ ಅಲ್ಲ. ಆದರೂ ಗುರಿ ಎಲ್ಲಿಡಬೇಕೆಂದು ತಿಳಿಯುತ್ತದೆ. ಹಾಗಾಗಿ ಹೀಗೆ ಬರೆದೆವು:

“ಕಾರಣ ಸಿಕ್ಕಿದೆ, ತಿದ್ದಿದ್ದೇವೆ. 15 ಸೆಕೆಂಡ್ ತಡದ ಪರೀಕ್ಷೆಯಲ್ಲಿ ಹಳೆಯ ಬಿಲ್ಡ್ ಬೀಳುತ್ತದೆ, ಹೊಸದು ಬೀಳುವುದಿಲ್ಲ. ಎರಡನ್ನೂ ಕಳಿಸಿದ್ದೇವೆ, ನೀವೇ ನೋಡಬಹುದು. ಇನ್ನು ಸಿಗ್ನಲ್ ಕಡಿಮೆಯಿರುವ ಊರುಗಳ 12 ಮಂದಿ ದಿನಕ್ಕೆ 5 ಸಲದಂತೆ 5 ದಿನ ಆಡುತ್ತಾರೆ, ಒಟ್ಟು 300. ನಡುವೆ ಒಂದು ಸಲ ಬಿದ್ದರೂ ಅದೇ ದಿನ ತಿಳಿಸಿ ಲೆಕ್ಕವನ್ನು ಮೊದಲಿಂದ ಶುರುಮಾಡುತ್ತೇವೆ. ಬೀಳದಿದ್ದರೆ ಆರನೆಯ ದಿನ ಬೀಟಾ ನಿಮ್ಮ ಕೈಯಲ್ಲಿರುತ್ತದೆ. ಈ ಅವಧಿಯಲ್ಲಿ ಹೊಸದೇನನ್ನೂ ಸೇರಿಸುವುದಿಲ್ಲ. ಇಬ್ಬರು ಕೂಡಿ ಆಡುವ ಭಾಗ ಮುಂದಿನ ಹಂತಕ್ಕೆ ಹೋಗುತ್ತದೆ.”

ಹೊಸದು ಸೇರಿಸುವುದಿಲ್ಲ ಎಂಬ ಸಾಲು ಮುಖ್ಯ. ನಡುವೆ ಕೋಡ್ ಬದಲಾದರೆ ಅದುವರೆಗಿನ ಎಣಿಕೆ ಬೇರೆ ಆಟದ ಎಣಿಕೆಯಾಗುತ್ತದೆ. ಕೊಪ್ಪದ ವೈಫೈಯಲ್ಲಿ ಆಡಿದ ಆಟಗಳನ್ನು 300ರಲ್ಲಿ ಸೇರಿಸಿಕೊಳ್ಳುವಂತೆಯೂ ಇರಲಿಲ್ಲ, ಈ ಕ್ರ್ಯಾಶ್ ಅಲ್ಲಿ ಮೊದಲೂ ಆಗುತ್ತಿರಲಿಲ್ಲ.

ಪಬ್ಲಿಷರ್ ಕಡೆಯ ಮೇಡಂ ಮರುದಿನವೇ ಉತ್ತರಿಸಿದರು. ಮುಗಿದಿರುವ ಚಿತ್ರ ಮತ್ತು ಧ್ವನಿಯ ಪಾಲಿನ ಹಣ ಈಗಲೇ, ಉಳಿದದ್ದು 300 ಆಟ ಮುಗಿದ ಮೇಲೆ ಎಂದರು. ಮುಂದಿನ ಹಂತದ ಷರತ್ತುಗಳಿಗೆ ಅವರೇ ಒಂದು ಸಾಲು ಸೇರಿಸಿ ಕಳಿಸಿದ್ದರು: ನೆಟ್‌ನಿಂದ ಏನನ್ನಾದರೂ ಇಳಿಸಿಕೊಳ್ಳುವ ಪ್ರತಿ ಪರದೆಯನ್ನೂ 15 ಸೆಕೆಂಡ್ ತಡದಲ್ಲಿ, ಇಳಿಯುವ ಮೊದಲೇ ಹಿಂದಕ್ಕೆ ಒತ್ತಿ ಪರೀಕ್ಷಿಸಿರಬೇಕು.