ಅಜ್ಜಿಯ 1.2, ಮೊಮ್ಮಗನ 1.2

ಎಪ್ಪತ್ತೆಂಟು ವರ್ಷದ ಅಜ್ಜಿಯೊಬ್ಬರು ತೀವ್ರ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ್ದಾರೆ ಎಂದುಕೊಳ್ಳಿ. ತೂಕ 45 ಕೆಜಿ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.2. ಪಕ್ಕದಲ್ಲಿ ನಿಂತಿರುವ ಮೊಮ್ಮಗನಿಗೆ 30 ವರ್ಷ, 70 ಕೆಜಿ. ಅವನ ರಿಪೋರ್ಟಿನಲ್ಲೂ 1.2. ಹಾಗಾದರೆ ಇಬ್ಬರ ಮೂತ್ರಪಿಂಡಗಳೂ ಒಂದೇ ಬಗೆಯಲ್ಲಿ ಕೆಲಸ ಮಾಡುತ್ತಿವೆಯೇ?

ಇಲ್ಲ. ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ಕಸ. ಅಜ್ಜಿಯ ಸವೆದ ಸ್ನಾಯುಗಳು ಕಸವನ್ನೇ ಕಡಿಮೆ ಹುಟ್ಟಿಸುತ್ತವೆ. ಅಷ್ಟು ಕಡಿಮೆ ಕಸವಿದ್ದೂ ರಕ್ತದಲ್ಲಿ 1.2 ಉಳಿದಿದೆಯೆಂದರೆ, ಗುಡಿಸುವ ಕೆಲಸ ನಿಧಾನವಾಗಿದೆ ಎಂದೇ ಅರ್ಥ.

ಎಷ್ಟು ನಿಧಾನ ಎಂದು ಅಂದಾಜಿಸಲು ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ 1976ರಲ್ಲಿ ಪ್ರಕಟಿಸಿದ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. 140ರಲ್ಲಿ ವಯಸ್ಸು ಕಳೆದು ತೂಕದಿಂದ ಗುಣಿಸಬೇಕು. ಕ್ರಿಯಾಟಿನಿನ್ನನ್ನು 72ರಿಂದ ಗುಣಿಸಿ, ಬಂದ ಸಂಖ್ಯೆಯಿಂದ ಭಾಗಿಸಬೇಕು. ಹೆಂಗಸರಾದರೆ ಉತ್ತರವನ್ನು 0.85ರಿಂದ ಗುಣಿಸಬೇಕು. ಮೊಮ್ಮಗನಿಗೆ ನಿಮಿಷಕ್ಕೆ ಸುಮಾರು 89 ಮಿಲಿಲೀಟರ್ ಬರುತ್ತದೆ. ಅಜ್ಜಿಗೆ ಬರುವುದು 27 ಮಾತ್ರ. ಇದೇ ಕ್ರಿಯಾಟಿನಿನ್ ಕ್ಲಿಯರೆನ್ಸ್.

ವೈದ್ಯರು ಸೆಫೆಪಿಮ್ ಎಂಬ ಆ್ಯಂಟಿಬಯಾಟಿಕ್ ಆರಿಸಿದರೆನ್ನಿ. ಅದರ ಬಹುಪಾಲು ಮೂತ್ರದಲ್ಲೇ ಹೊರಹೋಗಬೇಕು. ತೀವ್ರ ಸೋಂಕಿಗೆ ಮೊಮ್ಮಗನಂಥವರಿಗೆ ಎಂಟು ಗಂಟೆಗೊಮ್ಮೆ 2 ಗ್ರಾಂ ಕೊಡಬಹುದು. ಅಜ್ಜಿಗೂ ಹಾಗೇ ಕೊಟ್ಟರೆ ಹಿಂದಿನ ಇಂಜೆಕ್ಷನ್ನಿನ ಔಷಧಿ ಖಾಲಿಯಾಗುವ ಮೊದಲೇ ಮುಂದಿನದು ಬಂದು ಕೂರುತ್ತದೆ. ಕೆಲವು ದಿನಗಳಲ್ಲಿ ಅವರು ತೊದಲುತ್ತಾರೆ, ಮನೆಯವರ ಗುರುತು ತಪ್ಪುತ್ತದೆ, ಕೈಕಾಲು ಇದ್ದಕ್ಕಿದ್ದಂತೆ ಅದುರುತ್ತದೆ. ಮೈ ಅದುರದೆ ಮಿದುಳಿನೊಳಗೇ ಫಿಟ್ಸ್ ನಡೆಯುವುದೂ ಉಂಟು. ಅದು ಇಇಜಿಯಲ್ಲಷ್ಟೇ ಕಾಣುತ್ತದೆ. ಡೋಸ್ ಹೊಂದಿಸದ ರೋಗಿಗಳಲ್ಲಿ ಹೀಗಾಗುತ್ತಿದೆ ಎಂದು ಅಮೆರಿಕದ ಎಫ್‌ಡಿಎ 2012ರಲ್ಲಿ ಎಚ್ಚರಿಸಿತು. 'ವಯಸ್ಸಾಯ್ತಲ್ಲ, ಜ್ವರ ಬೇರೆ' ಎಂದು ಮನೆಯವರು ಸುಮ್ಮನಾಗುವುದೇ ಇಲ್ಲಿನ ದೊಡ್ಡ ಅಪಾಯ.

ಹಾಗೆಂದು ಮೊದಲ ಡೋಸನ್ನೇ ಕಡಿಮೆ ಮಾಡುವಂತಿಲ್ಲ. ರಕ್ತದಲ್ಲಿ ಔಷಧಿ ಬೇಗ ಏರಲಿ ಎಂದು ಮೊದಲ 2 ಗ್ರಾಂ ಪೂರ್ತಿ ಕೊಡುತ್ತಾರೆ. ಬದಲಾಗುವುದು ಅಂತರ: ಕ್ಲಿಯರೆನ್ಸ್ 11ರಿಂದ 29ರ ನಡುವೆ ಇದ್ದರೆ ಮುಂದಿನ 2 ಗ್ರಾಂ 24 ಗಂಟೆಯ ನಂತರ. ಎಲ್ಲ ಆ್ಯಂಟಿಬಯಾಟಿಕ್‌ಗೂ ಈ ಲೆಕ್ಕ ಬೇಕಿಲ್ಲ. ಡಾಕ್ಸಿಸೈಕ್ಲಿನ್‌ನಂಥವಕ್ಕೆ ಕಿಡ್ನಿ ನೋಡಿ ಡೋಸ್ ಇಳಿಸುವುದಿಲ್ಲ.

ಸೂತ್ರಕ್ಕೊಂದು ಕುಂದಿದೆ. ಕ್ರಿಯಾಟಿನಿನ್ ಸ್ಥಿರವಾಗಿದ್ದಾಗಲೇ ಅದು ನಂಬಿಕೆಗೆ ಅರ್ಹ. ಕಿಡ್ನಿ ಇಂದು ಬೆಳಿಗ್ಗೆ ಕೈಕೊಟ್ಟರೆ ಕ್ರಿಯಾಟಿನಿನ್ ಏರಲು ಒಂದೆರಡು ದಿನ ಬೇಕು. ಅಷ್ಟರವರೆಗೆ ಲೆಕ್ಕ ಸುಳ್ಳು ಭರವಸೆ ಕೊಡುತ್ತದೆ. ಚೇತರಿಸುವಾಗ ಇದು ತಿರುಗುಮುರುಗು. ಆದ್ದರಿಂದ ಮೂತ್ರ ಎಷ್ಟು ಬರುತ್ತಿದೆ ಎಂದೂ ನೋಡುತ್ತಾರೆ, ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸುತ್ತಾರೆ.

ನೀರಿನಂಶ ತುಂಬಿದ ಮೇಲೆ ಮೂರನೆಯ ದಿನ ಅಜ್ಜಿಯ ಕ್ರಿಯಾಟಿನಿನ್ 0.8ಕ್ಕೆ ಇಳಿಯಿತೆನ್ನಿ. ಅದೇ ಲೆಕ್ಕ ಈಗ 41 ಎನ್ನುತ್ತದೆ. ದಿನಕ್ಕೊಂದು ಇಂಜೆಕ್ಷನ್ ಇನ್ನು ಸಾಲದು. ಅಂತರ 12 ಗಂಟೆಗೆ ಇಳಿಯುತ್ತದೆ.