ವಿಪಿಎನ್ ಬಾಗಿಲು, ಕದ್ದ ಪಾಸ್‌ವರ್ಡ್

2021ರ ಏಪ್ರಿಲ್ 29ರಂದು ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯ ಜಾಲದೊಳಕ್ಕೆ ಕಳ್ಳರು ನುಗ್ಗಿದ್ದು ವಿಪಿಎನ್ ಮೂಲಕ. ಬಳಕೆಯಲ್ಲಿಲ್ಲದ ಒಂದು ಹಳೆಯ ಖಾತೆ, ಅದರ ಕದ್ದ ಪಾಸ್‌ವರ್ಡ್, ಇಷ್ಟೇ ಸಾಕಾಯಿತು. ಮೊಬೈಲಿನಲ್ಲಿ ಎರಡನೇ ಸಲ ದೃಢಪಡಿಸುವ ವ್ಯವಸ್ಥೆ ಆ ಖಾತೆಗೆ ಇರಲಿಲ್ಲ. ಮೇ 7ರಂದು ಹಣದ ಬೇಡಿಕೆ ಬಂದಾಗ ಕಂಪನಿ ಇಂಧನದ ಕೊಳವೆಮಾರ್ಗವನ್ನೇ ನಿಲ್ಲಿಸಿತು. ಆಗ್ನೇಯ ರಾಜ್ಯಗಳ ಎಷ್ಟೋ ಪೆಟ್ರೋಲ್ ಬಂಕುಗಳು ಬರಿದಾದವು.

ಆ ಪಾಸ್‌ವರ್ಡ್ ಸುಲಭದ್ದೇನೂ ಆಗಿರಲಿಲ್ಲ ಎಂದು ಕಂಪನಿಯ ಮುಖ್ಯಸ್ಥ ಜೋಸೆಫ್ ಬ್ಲೌಂಟ್ ಸೆನೆಟ್ ಮುಂದೆ ಹೇಳಿದರು.

ಹಾಗಾಗಿ ಮನೆಯಿಂದ ದುಡಿಯುವ ಸಿಬ್ಬಂದಿಗೆ ಮ್ಯಾನೇಜರ್ ಬರೆಯುವ ಸಂದೇಶ ‘ಕಷ್ಟದ ಪಾಸ್‌ವರ್ಡ್ ಇಡಿ’ ಎನ್ನುವಲ್ಲಿಗೆ ಮುಗಿಯುವಂತಿಲ್ಲ. ವಿಪಿಎನ್ ಪಾಸ್‌ವರ್ಡನ್ನು ಬೇರೆಲ್ಲೂ ಬಳಸಬಾರದು; ಬೇರೆ ತಾಣದಿಂದ ಸೋರಿದರೂ ಕಳ್ಳರು ಅದನ್ನು ಇಲ್ಲಿ ಹಾಕಿ ನೋಡುತ್ತಾರೆ. ಲಾಗಿನ್ ಮಾಡದೇ ಇರುವಾಗ ಮೊಬೈಲಿನಲ್ಲಿ ‘ಒಪ್ಪಿಗೆ ಕೊಡಿ’ ಎಂಬ ಕೋರಿಕೆ ಬಂದರೆ ಪಾಸ್‌ವರ್ಡ್ ಈಗಾಗಲೇ ಬೇರೆಯವರ ಕೈಸೇರಿರಬಹುದು. ಅದನ್ನು ನಿರಾಕರಿಸಬೇಕು.

ಆಮೇಲೆ ಕಂಪನಿಯ ಐಟಿ ವಿಭಾಗಕ್ಕೆ ಫೋನ್ ಮಾಡಬೇಕು. ಕಳ್ಳರು ಓದುತ್ತಿರಬಹುದಾದ ಇಮೇಲಿನಿಂದ ದೂರು ಬರೆಯುವುದು ಸರಿಯಲ್ಲ. ಕೋರಿಕೆ ಬಂದ ಸಮಯ, ಒತ್ತಿದ ಲಿಂಕ್ ಇತ್ಯಾದಿ ವಿವರ ಕೊಟ್ಟರೆ ಲಾಗಿನ್ ದಾಖಲೆಯಲ್ಲಿ ಅಪರಿಚಿತ ಪ್ರವೇಶವನ್ನು ಹುಡುಕಬಹುದು. ಅನುಮಾನವಿಲ್ಲದ ಇನ್ನೊಂದು ಸಾಧನದಿಂದ ಪಾಸ್‌ವರ್ಡ್ ಬದಲಿಸಬೇಕು. ಅಷ್ಟಾದರೂ ಒಳಗೆ ಸೇರಿಕೊಂಡವರ ಸಂಪರ್ಕ ತಾನಾಗಿ ಕಡಿಯದೆ ಉಳಿಯಬಹುದು. ಚಾಲ್ತಿಯಲ್ಲಿರುವ ಎಲ್ಲ ಸೆಷನ್‌ಗಳನ್ನು ಐಟಿ ವಿಭಾಗವೇ ಮುಚ್ಚಬೇಕಾಗುತ್ತದೆ.